ಓದು ಬಾರದ್ದಕ್ಕೆ ಬೆಳೆಸಿದ ರೀತಿ ಕಾರಣವೇ?

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ವಿಜಯನಗರದಲ್ಲಿ ಅತ್ತೆಯವರ ಜೊತೆಗೇ ಇದ್ದೇವೆ. ಬಾಯಲ್ಲಿ ಕೇಳಿದರೆ ಎಲ್ಲ ಹೇಳ್ತಾನೆ, ಪುಸ್ತಕ ಕೊಟ್ಟರೆ ಕನ್ನಡವೂ ಬರಲ್ಲ, ಇಂಗ್ಲಿಷೂ ಬರಲ್ಲ. ಹೋದ ತಿಂಗಳು ಪರೀಕ್ಷೆ ಮಾಡಿಸಿದೆವು. ಬುದ್ಧಿಮಟ್ಟ ಸರಾಸರಿ, ಓದು ಬರಹ ಒಂದನೇ ಕ್ಲಾಸಿನ ಮಟ್ಟ, ಡಿಸ್ಲೆಕ್ಸಿಯಾ ಅಂತ ವರದಿ ಬಂತು. ಅತ್ತೆ, ನಾದಿನಿ ಇಬ್ಬರೂ ‘ನೀನು ಕೆಲಸಕ್ಕೆ ಹೋದೆ, ಮುದ್ದು ಮಾಡಿ ಕೆಡಿಸಿದೆ, ಈಗ ಅದಕ್ಕೊಂದು ಹೆಸರು ತಂದಿದ್ದೀಯ’ ಅಂತಾರೆ. ಒಂದು ಗೃಹಪ್ರವೇಶದಲ್ಲಿ ಭಾವ ಎಲ್ಲರ ಎದುರು ಅವನ ಕೈಗೆ ಆಮಂತ್ರಣ ಪತ್ರಿಕೆ ಕೊಟ್ಟು ಓದಿಸಿದರು. ಯಜಮಾನರು ಸುಮ್ಮನಿದ್ದುಬಿಡ್ತಾರೆ. ನಾನು ರಾತ್ರಿ ಹತ್ತರವರೆಗೂ ಕೂರಿಸಿ ಬರೆಸ್ತೀನಿ, ಅಳ್ತಾನೆ. ನಿಜಕ್ಕೂ ನನ್ನದೇ ತಪ್ಪಾ? ಇವರಿಗೆ ಏನು ಹೇಳಲಿ, ಅವನಿಗೆ ಏನು ಮಾಡಲಿ?

ಉತ್ತರ: ತಪ್ಪು ನಿಮ್ಮದಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಕೈಯಲ್ಲಿರುವ ವರದಿಯೇ ಅದನ್ನು ಹೇಳುತ್ತಿದೆ, ಅದನ್ನು ಸರಿಯಾಗಿ ಬಿಡಿಸಿ ನೋಡಬೇಕು ಅಷ್ಟೆ.

ವರದಿಯ ಮೊದಲ ಪುಟಕ್ಕೆ ಹೋಗಿ. ಅಂಕಿಗಳು ಶುರುವಾಗುವುದಕ್ಕೆ ಮೊದಲು ಮಗುವಿನ ಹಿನ್ನೆಲೆ ಬರೆದಿರುತ್ತಾರೆ: ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಕಣ್ಣು ಕಿವಿ ಸರಿಯಿವೆಯೇ, ಶಾಲೆ ಎಷ್ಟು ಸಲ ಬದಲಾಯಿತು, ದೀರ್ಘಕಾಲ ಶಾಲೆ ತಪ್ಪಿತ್ತೇ, ಮನೆಯಲ್ಲಿ ಯಾವ ಭಾಷೆ, ಓದಿಸುವವರು ಯಾರು. ನಿಮ್ಮ ಅತ್ತೆಯವರು ಕೇಳುತ್ತಿರುವ ಪ್ರಶ್ನೆಗಳನ್ನೇ ಕ್ಲಿನಿಕಲ್ ಸೈಕಾಲಜಿಸ್ಟ್ ಕೂಡ ಕೇಳಿದ್ದಾರೆ. ಪಾಠವೇ ಸಿಗದ ಮಗು, ಕಿವಿ ಕೇಳದ ಮಗು, ಮನೆಯಲ್ಲಿ ನೆಮ್ಮದಿಯಿಲ್ಲದ ಮಗು ಕೂಡ ಓದಿನಲ್ಲಿ ಹಿಂದೆ ಬೀಳುತ್ತದೆ. ಆ ಕಾರಣಗಳಿಂದ ಈ ತೊಡಕು ಬಂದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಡಿಸ್ಲೆಕ್ಸಿಯಾ ಎಂದು ಬರೆಯುವುದು. ಹಾಗಾಗಿ ‘ಬೆಳೆಸಿದ್ದು ಸರಿಯಿಲ್ಲ’ ಎನ್ನುವ ವಾದವನ್ನು ಪರೀಕ್ಷೆಯಲ್ಲಿ ಒಮ್ಮೆ ತೂಗಿ ನೋಡಿಯಾಗಿದೆ.

ಇನ್ನು ಅಂಕಿಗಳ ಪುಟ. ಅಲ್ಲಿ ಎರಡು ಸಂಗತಿಗಳ ನಡುವಿನ ಅಂತರ ನೋಡಿ: ಕೇಳಿ ತಿಳಿದುಕೊಳ್ಳುವುದು ಎಷ್ಟಿದೆ, ತಾನೇ ಓದಿ ತಿಳಿದುಕೊಳ್ಳುವುದು ಎಷ್ಟಿದೆ. ಓದಿದ್ದು ಅರ್ಥವಾಗಬೇಕಾದರೆ ಎರಡು ಕೆಲಸ ನಡೆಯಬೇಕು. ಅಕ್ಷರವನ್ನು ಧ್ವನಿಯಾಗಿ ಬಿಡಿಸಬೇಕು, ಆ ಧ್ವನಿಯಲ್ಲಿರುವ ಮಾತು ತಿಳಿಯಬೇಕು. ನಿಮ್ಮ ಮಗನಿಗೆ ಎರಡನೆಯದು ವಯಸ್ಸಿಗೆ ತಕ್ಕಂತಿದೆ, ಮೊದಲನೆಯದು ಮೂರು ವರ್ಷ ಹಿಂದಿದೆ. ಮುದ್ದು ಮಾಡಿ ಕೆಡಿಸಿದ್ದರೆ, ಶಿಸ್ತಿಲ್ಲದೆ ಬೆಳೆಸಿದ್ದರೆ, ಅದು ಇಷ್ಟು ಅಚ್ಚುಕಟ್ಟಾಗಿ ಒಂದೇ ಕಡೆ ಕಾಣಿಸಿಕೊಳ್ಳುವುದಿಲ್ಲ. ಪಾಠ ಕೇಳಿಸಿಕೊಳ್ಳುವುದರಲ್ಲಿ, ಉತ್ತರ ಹೇಳುವುದರಲ್ಲಿ, ಆಟದ ನಿಯಮ ಪಾಲಿಸುವುದರಲ್ಲಿ ಎಲ್ಲ ಕಡೆಯೂ ಕಾಣುತ್ತಿತ್ತು.

ಇನ್ನೊಂದು ಗುರುತು ನಿಮ್ಮ ಪತ್ರದಲ್ಲೇ ಇದೆ. ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಮನೆಮಾತು ಕನ್ನಡವಾಗಿದ್ದು ಇಂಗ್ಲಿಷ್ ಓದು ಮಾತ್ರ ಕಷ್ಟವಾಗಿದ್ದರೆ, ಹೊಸ ಭಾಷೆಯ ತೊಡಕು ಎಂದು ಅನುಮಾನಿಸಬಹುದಿತ್ತು. ಆಡುವ ಭಾಷೆಯ ಲಿಪಿಯೂ ನಾಲ್ಕನೇ ಕ್ಲಾಸಿಗೆ ಕೈಗೆ ಹತ್ತಿಲ್ಲ ಎಂದರೆ ತೊಡಕಿರುವುದು ಧ್ವನಿಯನ್ನೂ ಅಕ್ಷರವನ್ನೂ ಬೆಸೆಯುವ ಜಾಗದಲ್ಲಿ. ‘ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಕ್ಕೇ ಹೀಗಾಯ್ತು’ ಎನ್ನುವವರಿಗೂ ಇದೇ ಉತ್ತರ.

ಈ ತೊಡಕನ್ನು ವೈದ್ಯರು ಗುರುತಿಸಿದ್ದು ನಿನ್ನೆ ಮೊನ್ನೆ ಅಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಚುರುಕು ಹುಡುಗ, ಆಟದಲ್ಲಿ ಮುಂದು, ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರೂ ಓದು ಮಾತ್ರ ಹತ್ತಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟರು ಹೇಳಿದ್ದರು. ಮೊಬೈಲು, ಟೀವಿ ಯಾವುದೂ ಇಲ್ಲದ ಕಾಲದ ಮಾತಿದು. ಆಮೇಲೆ ಮಿದುಳಿನ ಸ್ಕ್ಯಾನಿಂಗ್ ಬಂದು, ಓದುವಾಗ ಎಡ ಮಿದುಳಿನ ಕೆಲವು ಭಾಗಗಳು ಇಂಥ ಮಕ್ಕಳಲ್ಲಿ ಬೇರೆ ರೀತಿ ಕೆಲಸ ಮಾಡುತ್ತವೆ ಎಂಬುದೂ ತಿಳಿಯಿತು.

ಹಾಗಾದರೆ ಹಿರಿಯರಿಗೆ ಇದು ಸೋಮಾರಿತನದಂತೆ ಏಕೆ ಕಾಣುತ್ತದೆ? ಬೆಳಿಗ್ಗೆ ಓದಿದ ಪದವನ್ನು ಸಂಜೆ ಓದುವುದಿಲ್ಲ, ಅದಕ್ಕೆ. ‘ಆಗ ಬಂತು, ಈಗ ಬರಲ್ಲ ಅಂದ್ರೆ ಬೇಕಂತಲೇ ಮಾಡ್ತಿದಾನೆ’ ಅನಿಸುವುದು ಸಹಜ. ನಿಮಗೂ ನನಗೂ ‘ಪುಸ್ತಕ’ ಎಂಬುದನ್ನು ಕಂಡೊಡನೆ ಪದ ತಾನಾಗಿ ಬಾಯಿಗೆ ಬರುತ್ತದೆ. ಅವನು ಪ್ರತಿ ಸಲವೂ ಪು, ಸ, ಕೆಳಗೆ ತ ಎಂದು ಹೊಸದಾಗಿ ಕಟ್ಟಬೇಕು. ಹುರುಪಿದ್ದಾಗ ಕಟ್ಟುತ್ತಾನೆ, ದಣಿದಾಗ ‘ಪುಸಕ’ ಎನ್ನುತ್ತಾನೆ, ಇಲ್ಲವೇ ಮೊದಲ ಅಕ್ಷರ ನೋಡಿ ಬಾಯಿಗೆ ಬಂದ ಪದ ಹೇಳಿಬಿಡುತ್ತಾನೆ. ಹತ್ತು ಜನ ನೋಡುತ್ತಿರುವಾಗ ಆಮಂತ್ರಣ ಪತ್ರಿಕೆಯ ‘ಶುಭಮುಹೂರ್ತ’ದಲ್ಲಿ ಸಿಕ್ಕಿಕೊಂಡರೆ ಅದೂ ಕಟ್ಟಲಾಗುವುದಿಲ್ಲ.

ಈಗ ರಾತ್ರಿ ಹತ್ತರ ಬರವಣಿಗೆಯ ವಿಷಯ. ಅದನ್ನು ಇವತ್ತಿನಿಂದಲೇ ನಿಲ್ಲಿಸಿ. ದೂರು ಕೇಳುವ ತಾಯಂದಿರು ಹೆಚ್ಚಾಗಿ ಮಾಡುವುದೇ ಇದು. ತಾನು ಅಸಡ್ಡೆ ಮಾಡಿಲ್ಲ ಎಂದು ಮನೆಯವರಿಗೆ ತೋರಿಸಲು ಮಗುವನ್ನು ಇನ್ನೂ ಹೊತ್ತು ಕೂರಿಸುತ್ತಾರೆ. ಆದರೆ ನೋಡಿ ನಕಲು ಮಾಡುವುದಕ್ಕೆ ಓದು ಬರಬೇಕಿಲ್ಲ. ಕಣ್ಣು ಗೆರೆ ನೋಡುತ್ತದೆ, ಕೈ ಎಳೆಯುತ್ತದೆ, ಧ್ವನಿ ನಡುವೆ ಬರುವುದೇ ಇಲ್ಲ. ಇಪ್ಪತ್ತು ಸಲ ‘ಪುಸ್ತಕ’ ಬರೆದವನು ಮರುದಿನ ಡಿಕ್ಟೇಷನ್ನಿನಲ್ಲಿ ‘ಪುಸತಕ’ ಬರೆಯುವುದು ಇದರಿಂದಲೇ. ಅತ್ತೆಯವರಿಗೆ ಅದು ಇನ್ನೊಂದು ಸಾಕ್ಷಿಯಾಗುತ್ತದೆ, ಅವನಿಗೆ ತಾನು ದಡ್ಡ ಎಂಬುದು ಖಾತ್ರಿಯಾಗುತ್ತದೆ.

ಅದರ ಬದಲು ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಶಾಲೆಯಿಂದ ಬಂದು ತಿಂಡಿ ತಿಂದು ಆಡಿದ ಮೇಲೆ. ವಾರಕ್ಕೆ ಎರಡು ಮೂರು ಸಲ, ಕಲಿಕೆಯ ತೊಡಕಿರುವ ಮಕ್ಕಳಿಗೆ ಪಾಠ ಹೇಳುವ ಸ್ಪೆಷಲ್ ಎಜುಕೇಟರ್ ಹತ್ತಿರ ಕಲಿಸುವುದು ಬೇರೆ, ಮನೆಯದು ಅವರು ಹೇಳಿಕೊಟ್ಟದ್ದರ ಅಭ್ಯಾಸ. ಯಾವ ಕ್ರಮದಲ್ಲಿ ಹೋಗಬೇಕೆಂದು ಅವರೇ ಹೇಳುತ್ತಾರೆ. ಕೂರಿಸುವುದು ಹೇಗೆ ಎಂಬುದಕ್ಕೆ ಕನ್ನಡದ ಒಂದು ಪಾಠವನ್ನು ಬಿಡಿಸಿ ಹೇಳುತ್ತೇವೆ. ಕಾಗುಣಿತ ಅಷ್ಟಿಷ್ಟು ಬಂದು ಒತ್ತಕ್ಷರದಲ್ಲಿ ಎಡವುವ ಮಗು ಎಂದಿಟ್ಟುಕೊಳ್ಳಿ.

ಮೊದಲ ಐದು ನಿಮಿಷ ಪುಸ್ತಕವೂ ಬೇಡ, ಪೆನ್ಸಿಲ್ಲೂ ಬೇಡ. ‘ಕತೆ’, ‘ಕತ್ತೆ’ ಎರಡನ್ನೂ ಹೇಳಿ, ಯಾವುದರಲ್ಲಿ ಮಧ್ಯೆ ನಾಲಿಗೆ ಒತ್ತಿ ನಿಲ್ಲುತ್ತದೆ ಎಂದು ಕೇಳಿ. ‘ಹಳಿ, ಹಳ್ಳಿ’, ‘ಬಳಿ, ಬಳ್ಳಿ’, ‘ಎಲೆ, ಎಲ್ಲೆ’ ಹೀಗೆ ಮುಂದುವರಿಸಿ. ಒತ್ತು ಕೇಳಿದಾಗ ಚಪ್ಪಾಳೆ ತಟ್ಟಲಿ. ಕಿವಿಗೆ ಈ ವ್ಯತ್ಯಾಸ ಸಿಗದ ಮಗುವಿಗೆ ಹಾಳೆಯ ಮೇಲೆ ಕೆಳಗೆ ತೂಗುವ ಆ ಚಿಹ್ನೆ ಯಾಕಿದೆ ಎಂಬುದೇ ಗೊತ್ತಾಗುವುದಿಲ್ಲ, ಅದಕ್ಕೇ ಬಿಟ್ಟುಬಿಡುತ್ತದೆ. ಇಲ್ಲಿ ತಡವಾದರೆ ಆಗಲಿ, ಒಂದು ವಾರ ಇದನ್ನೇ ಆಡಿ.

ಆಮೇಲೆ ಏಳೆಂಟು ನಿಮಿಷ ಅಕ್ಷರ. ಒಂದು ದಿನಕ್ಕೆ ಒಂದೇ ಬಗೆ. ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳು ಮೊದಲು: ಅಕ್ಕ, ಬೆಕ್ಕು, ಅಜ್ಜಿ, ಕಲ್ಲು. ‘ಪುಸ್ತಕ’, ‘ವಸ್ತು’ ತರಹದ ಬೇರೆ ಒತ್ತು ವಾರಗಳ ನಂತರ. ಪದವನ್ನು ದೊಡ್ಡದಾಗಿ ಬರೆದು, ಅವನು ಬೆರಳಿನಿಂದ ಅದರ ಮೇಲೆ ತಿದ್ದುತ್ತಾ ಬಾಯಲ್ಲಿ ಧ್ವನಿ ಹೇಳಬೇಕು. ಧ್ವನಿ ಇಲ್ಲದೆ ಬೆರಳು ಓಡಿದರೆ ನಿಲ್ಲಿಸಿ, ಅದು ಮತ್ತೆ ನಕಲೇ ಆಗುತ್ತದೆ. ಒಂದು ತಟ್ಟೆಯಲ್ಲಿ ರವೆ ಹರಡಿ ಅದರಲ್ಲಿ ಬರೆಸಿದರೂ ಸರಿ.

ಮುಂದಿನ ಐದು ನಿಮಿಷ ಅದೇ ಪದಗಳಿರುವ ನಾಲ್ಕೈದು ಸಣ್ಣ ವಾಕ್ಯ ಓದಲಿ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ಆ ಪಾಠ ಅವನ ಮಟ್ಟಕ್ಕೆ ಮೇಲಿನದು, ಕೆಳಗಿಳಿಸಿ. ತಪ್ಪಿದಾಗ ‘ಸರಿಯಾಗಿ ನೋಡು’ ಎನ್ನಬೇಡಿ, ಅವನು ನೋಡಿಯೇ ತಪ್ಪಿರುವುದು. ಪದದ ಉಳಿದ ಭಾಗವನ್ನು ಚೀಟಿಯಿಂದ ಮುಚ್ಚಿ ಒಂದೊಂದೇ ಅಕ್ಷರ ತೆರೆಯುತ್ತಾ ಹೋಗಿ. ಮೂರು ಸೆಕೆಂಡಿನಲ್ಲಿ ಬಾರದಿದ್ದರೆ ನೀವೇ ಹೇಳಿ ಮುಂದೆ ಸಾಗಿ. ಕೊನೆಗೆ ಮೂರು ಪದ ಡಿಕ್ಟೇಷನ್, ಅದೂ ಅವತ್ತು ಓದಿದ್ದೇ. ಮೂರು ದಿನ ಸತತವಾಗಿ ಓದುವ ಹತ್ತು ಪದದಲ್ಲಿ ಒಂಬತ್ತು ಸರಿಯಾದರೆ ಮಾತ್ರ ಮುಂದಿನ ಬಗೆಗೆ ಹೋಗುವುದು. ಇಪ್ಪತ್ತು ನಿಮಿಷಕ್ಕೆ ಎದ್ದುಬಿಡಿ, ಚೆನ್ನಾಗಿ ಸಾಗುತ್ತಿದ್ದರೂ ಎದ್ದುಬಿಡಿ. ನಾಳೆ ಕೂರಲು ಒಪ್ಪುವುದು ಅದರಿಂದಲೇ.

ಶಾಲೆಯ ಹೋಂವರ್ಕ್ ಇದರ ಮೇಲೆ ಬೀಳಬಾರದು. ವರದಿಯ ಪ್ರತಿ ಕೊಟ್ಟು, ಪ್ರಶ್ನೆ ಬರೆದುಕೊಳ್ಳುವುದನ್ನು ಬಿಟ್ಟು ಉತ್ತರ ಮಾತ್ರ ಬರೆಯಲು ಬಿಡಿ, ವಿಜ್ಞಾನ ಸಮಾಜದಲ್ಲಿ ಬಾಯುತ್ತರ ತೆಗೆದುಕೊಳ್ಳಿ, ತರಗತಿಯಲ್ಲಿ ಎದ್ದು ಓದಲು ಹೇಳಬೇಡಿ ಎಂದು ಕ್ಲಾಸ್ ಟೀಚರ್ ಹತ್ತಿರ ಬರವಣಿಗೆಯಲ್ಲಿ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಅದನ್ನು ಬೇಗ ಗುರುತಿಸಿ ಕಲಿಸುವ ವಿಧಾನ ಬದಲಿಸಬೇಕು ಎಂದೂ ಅದರಲ್ಲಿದೆ.

ಮನೆಯವರ ವಿಷಯದಲ್ಲಿ ಮೊದಲ ಕೆಲಸ ಅತ್ತೆಯವರ ಜೊತೆಗಲ್ಲ, ಯಜಮಾನರ ಜೊತೆ. ಪರೀಕ್ಷೆ ಮಾಡಿದ ಸೈಕಾಲಜಿಸ್ಟ್ ಹತ್ತಿರ ಇನ್ನೊಮ್ಮೆ ಸಮಯ ತೆಗೆದುಕೊಂಡು ಅವರನ್ನು ಕರೆದುಕೊಂಡು ಹೋಗಿ. ‘ಈ ತೊಡಕಿಗೆ ನಮ್ಮ ಬೆಳೆಸುವಿಕೆ ಕಾರಣವೇ’ ಎಂಬ ಪ್ರಶ್ನೆಯನ್ನು ಯಜಮಾನರ ಬಾಯಿಂದಲೇ ಕೇಳಿಸಿ, ಉತ್ತರ ಅವರ ಕಿವಿಗೇ ಬೀಳಲಿ. ಸೊಸೆ ಹೇಳಿದರೆ ಸಮಜಾಯಿಷಿ ಎನಿಸುವ ಮಾತು ಮಗ ಹೇಳಿದರೆ ಸುದ್ದಿಯಾಗುತ್ತದೆ. ಇದು ನ್ಯಾಯವಲ್ಲ, ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಹೀಗೆ. ಅವರು ತಾಯಿಗೆ ಉದ್ದ ಭಾಷಣ ಮಾಡಬೇಕಿಲ್ಲ. ‘ಅಮ್ಮ, ನಾನೂ ಹೋಗಿ ಕೇಳಿಕೊಂಡು ಬಂದೆ. ಬೆಳೆಸಿದ್ದರಿಂದ ಬಂದಿದ್ದಲ್ಲ. ಹೇಗೆ ಕಲಿಸಬೇಕು ಅಂತ ಹೇಳಿಕೊಟ್ಟಿದಾರೆ, ಹಾಗೇ ಮಾಡ್ತಿದೀವಿ. ಅವನ ಮುಂದೆ ಮಾತ್ರ ಈ ಮಾತು ಬೇಡ.’ ಇಷ್ಟು ಸಾಕು. ಮತ್ತೆ ಮಾತು ಎದ್ದಾಗಲೂ ಇದೇ ನಾಲ್ಕು ವಾಕ್ಯ, ಹೊಸ ವಾದ ಹೂಡುವುದು ಬೇಡ.

ಒಂದು ಎಚ್ಚರಿಕೆ. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿದು ಬರುವುದುಂಟು. ಹೆತ್ತವರಿಗೋ ಒಡಹುಟ್ಟಿದವರಿಗೋ ಇದ್ದರೆ ಮಗುವಿಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು. ಇದನ್ನು ಅರೆಬರೆ ಹೇಳಿದರೆ ‘ಅದು ನಿಮ್ಮ ತವರಿಂದ ಬಂದಿದ್ದು’ ಎಂಬ ಹೊಸ ದೂರು ಹುಟ್ಟುತ್ತದೆ. ಸಣ್ಣ ಸಣ್ಣ ಪ್ರಭಾವದ ಹಲವು ವಂಶವಾಹಿಗಳು ಸೇರಿ ಆಗುವುದಿದು, ಎರಡೂ ಕಡೆಯಿಂದ ಬಂದಿರಬಹುದು, ಯಾರ ಕಡೆಯದು ಎಂದು ಬೆರಳು ಮಾಡಿ ತೋರಿಸುವ ರಕ್ತಪರೀಕ್ಷೆ ಇಲ್ಲ. ಹಾಗಾಗಿ ಈ ವಿಷಯವನ್ನು ನೀವಾಗಿ ಎತ್ತಬೇಡಿ. ಕೇಳಿದರೆ ಯಜಮಾನರೇ ಉತ್ತರಿಸಲಿ.

ಅತ್ತೆಯವರಿಗೆ ವರದಿಯ ಅಂಕಿ ತೋರಿಸುವುದಕ್ಕಿಂತ ಅವರಿಗೊಂದು ನಿಜವಾದ ಕೆಲಸ ಕೊಡುವುದು ಮೇಲು. ಪ್ರತಿದಿನ ಹದಿನೈದು ನಿಮಿಷ ಅವರೇ ಮೊಮ್ಮಗನಿಗೆ ಓದಿ ಹೇಳಲಿ: ನಾಲ್ಕನೇ ಕ್ಲಾಸಿನ ಕನ್ನಡ ಪಾಠ, ಇಲ್ಲವೇ ಪುರಾಣದ ಕತೆ. ಅವನು ಕೇಳಿಸಿಕೊಳ್ಳಲಿ, ಆಮೇಲೆ ಕತೆಯ ಬಗ್ಗೆ ಇಬ್ಬರೂ ಮಾತಾಡಲಿ. ಇದರಿಂದ ಅವನಿಗೆ ದೊಡ್ಡ ಲಾಭವಿದೆ. ತಾನೇ ಓದಲಾಗದ ಮಕ್ಕಳಿಗೆ ಪುಸ್ತಕದಲ್ಲಿ ಮಾತ್ರ ಸಿಗುವ ಪದಗಳು ತಪ್ಪಿಹೋಗುತ್ತಾ, ವರ್ಷ ಕಳೆದಂತೆ ತಿಳಿವಳಿಕೆಯೂ ಹಿಂದೆ ಬೀಳತೊಡಗುತ್ತದೆ. ಯಾರಾದರೂ ಓದಿ ಹೇಳುತ್ತಿದ್ದರೆ ಅದನ್ನು ತಡೆಯಬಹುದು. ಜೊತೆಗೆ, ಕರ್ಣ ತನ್ನ ಕವಚ ಕೊಡಬಾರದಿತ್ತು ಎಂದು ಅವನು ವಾದಿಸುವುದನ್ನು ಅಜ್ಜಿ ಕಣ್ಣಾರೆ ನೋಡುತ್ತಾರೆ. ಕೇಳುವುದಕ್ಕೂ ಓದುವುದಕ್ಕೂ ಇರುವ ಅಂತರ ಅವರಿಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಿಲ್ಲ. ಇದು ಕೆಡುವುದು ಒಂದೇ ಕಾರಣಕ್ಕೆ: ‘ಈಗ ನೀನು ಓದು ನೋಡೋಣ’ ಎಂದು ಪುಸ್ತಕ ಅವನ ಕಡೆ ತಿರುಗಿಸಿದಾಗ. ಕೇಳುವ ಹೊತ್ತಿನಲ್ಲಿ ಓದಿಸುವಂತಿಲ್ಲ ಎಂದು ಮೊದಲೇ ಹೇಳಿಡಿ.

ಭಾವನವರಿಗೆ ಸಮಾರಂಭಕ್ಕೆ ಮೊದಲೇ ಯಜಮಾನರು ಫೋನ್ ಮಾಡಲಿ: ‘ಅಣ್ಣಾ, ಅವನಿಗೆ ಎಲ್ಲರ ಮುಂದೆ ಓದಿಸೋದು ಬೇಡ, ಡಾಕ್ಟರೂ ಬೇಡ ಅಂದಿದಾರೆ. ಕ್ರಿಕೆಟ್ ಬಗ್ಗೆ ಕೇಳು, ಚೆನ್ನಾಗಿ ಮಾತಾಡ್ತಾನೆ.’ ಹಾಗೂ ಪತ್ರಿಕೆ ಕೈಗೆ ಬಂದರೆ ನೀವಿಬ್ಬರಲ್ಲಿ ಯಾರು ಹತ್ತಿರವಿದ್ದೀರೋ ಅವರು ಅದನ್ನು ತೆಗೆದುಕೊಂಡು ‘ಕೊಡಿ, ನಾನು ಓದ್ತೀನಿ’ ಎಂದು ಓದಿಬಿಡಿ. ಅಲ್ಲೇ ವಿವರಣೆಗೆ ಇಳಿದರೆ ಮಗುವೇ ಸಭೆಯ ವಿಷಯವಾಗುತ್ತದೆ. ನಾದಿನಿಯವರು ಹಾಸ್ಟೆಲಿಗೆ ಹಾಕಿ, ಜ್ಞಾಪಕಶಕ್ತಿಯ ಲೇಹ್ಯ ಕೊಡಿ, ಸ್ಟ್ರಿಕ್ಟ್ ಟ್ಯೂಷನ್ನಿಗೆ ಕಳಿಸಿ ಎನ್ನಬಹುದು. ಲೇಹ್ಯದಿಂದ ಅಕ್ಷರ ಬರುವುದಿಲ್ಲ. ಟ್ಯೂಷನ್ನಿನಲ್ಲಿ ನಾಲ್ಕನೇ ಕ್ಲಾಸಿನ ಪಾಠವನ್ನೇ ಮತ್ತೆ ಹೇಳುತ್ತಾರೆ, ಇವನಿಗೆ ಬೇಕಿರುವುದು ಒತ್ತಕ್ಷರ. ಹಾಸ್ಟೆಲಿನಲ್ಲಿ ಈಗಿರುವ ಇಪ್ಪತ್ತು ನಿಮಿಷವೂ ಹೋಗುತ್ತದೆ.

ಮಗನಿಗೇ ಹೇಳಬೇಕಾದ್ದು ಉಳಿದಿದೆ. ಒಂಬತ್ತು ವರ್ಷದವನು ಅಡುಗೆಮನೆಯ ಮಾತೆಲ್ಲ ಕೇಳಿಸಿಕೊಂಡಿರುತ್ತಾನೆ, ಅಮ್ಮ ಬೈಸಿಕೊಳ್ಳುವುದು ತನ್ನಿಂದ ಎಂದು ಲೆಕ್ಕ ಹಾಕಿರುತ್ತಾನೆ. ಇಂಥ ಮಕ್ಕಳು ನೋಟ್‌ಬುಕ್ ಬಚ್ಚಿಡುತ್ತಾರೆ, ಹೋಂವರ್ಕ್ ಇಲ್ಲ ಎಂದು ಸುಳ್ಳು ಹೇಳುತ್ತಾರೆ, ಬಡವಾಗುವುದು ಅವರ ಓದಲ್ಲ, ನಿಮ್ಮ ಮೇಲಿನ ಭರವಸೆ. ಹೀಗೆ ಹೇಳಿ: ‘ನಿನಗೆ ಓದು ಕಷ್ಟ ಆಗೋದಕ್ಕೆ ಒಂದು ಹೆಸರಿದೆ, ಡಿಸ್ಲೆಕ್ಸಿಯಾ. ನೀನು ದಡ್ಡ ಅಲ್ಲ, ಅದನ್ನೂ ಪರೀಕ್ಷೆ ಮಾಡಿ ನೋಡಿದಾರೆ. ನಿನಗೆ ಕಲಿಸೋ ದಾರಿ ಬೇರೆ, ಅದಕ್ಕೆ ಹೊತ್ತು ಹಿಡಿಯುತ್ತೆ. ದೊಡ್ಡವರು ಜಗಳ ಆಡಿದ್ದು ನಿನ್ನಿಂದ ಅಲ್ಲ.’ ಇಷ್ಟು ದಿನ ಹತ್ತರವರೆಗೆ ಕೂರಿಸಿದ್ದು ತಪ್ಪು ವಿಧಾನ, ಇನ್ನು ಹಾಗೆ ಮಾಡುವುದಿಲ್ಲ ಎಂದೂ ಸೇರಿಸಿ. ‘ಒಂದು ತಿಂಗಳಲ್ಲಿ ಸರಿಹೋಗ್ತೀಯ’ ಎನ್ನಬೇಡಿ. ಮೊದಲು ತಪ್ಪು ಕಡಿಮೆಯಾಗುತ್ತದೆ, ವೇಗ ಬಹಳ ನಿಧಾನ ಬರುತ್ತದೆ, ಕೆಲವರಿಗೆ ದೊಡ್ಡವರಾದ ಮೇಲೂ ಓದು ನಿಧಾನವೇ ಇರುತ್ತದೆ. ಆರು ತಿಂಗಳಿಗೊಮ್ಮೆ ಸ್ಪೆಷಲ್ ಎಜುಕೇಟರ್ ಜೊತೆ ಕೂತು ಲೆಕ್ಕ ನೋಡಿ. ಆರು ತಿಂಗಳಲ್ಲಿ ಏನೂ ಕದಲಿಲ್ಲ ಎಂದರೆ ಕಲಿಸುವ ವಿಧಾನವನ್ನೋ ಮಟ್ಟವನ್ನೋ ಬದಲಿಸಬೇಕು, ಮಗನನ್ನು ದೂರಬಾರದು.

ಅತ್ತೆಯವರಿಗೆ ಸರ್ಟಿಫಿಕೇಟ್ ಎಂದರೆ ಭಯವಿದ್ದರೆ, ಈಗಿನ ವರದಿ ಬೇರೆ, ಅಂಗವೈಕಲ್ಯ ಪ್ರಮಾಣಪತ್ರ ಬೇರೆ ಎಂದು ತಿಳಿಸಿ. ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆ ಸರ್ಕಾರ ಗುರುತಿಸಿದ ಆಸ್ಪತ್ರೆಯಲ್ಲಿ ಪಡೆಯಬೇಕು, ಪಡೆಯುವುದು ನಿಮ್ಮ ಇಚ್ಛೆ. ಅದಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಭಾಷೆಗಳಲ್ಲಿ ರಿಯಾಯಿತಿ ಕೇಳಬಹುದು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡಿದರೆ ಕಾಗದ ಸಿಗುವುದು ತಡವಾಗುತ್ತದೆ, ಎಂಟನೇ ಕ್ಲಾಸಿನೊಳಗೆ ಮುಗಿಸಿಕೊಳ್ಳಿ.

ಈ ನಡುವೆ ಒಂದನ್ನು ಗಮನಿಸುತ್ತಿರಿ. ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ರಜೆಯಲ್ಲಿ ಇಲ್ಲ ಎಂದರೆ ಶಾಲೆಯಲ್ಲಿ ಏನೋ ನಡೆಯುತ್ತಿದೆ, ಟೀಚರ್ ಹತ್ತಿರ ಮಾತಾಡಿ. ಎರಡು ವಾರ ಆಟ, ಊಟ, ನಿದ್ದೆ ಎಲ್ಲದರಿಂದಲೂ ದೂರ ಸರಿದರೆ ತಡಮಾಡದೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗಕ್ಕೋ ಹತ್ತಿರದ ಮಕ್ಕಳ ಮನೋವೈದ್ಯರಿಗೋ ತೋರಿಸಿ. ‘ನಾನು ಇರಬಾರದು’ ಎಂಬಂಥ ಮಾತು ಬಂದರೆ ಅವತ್ತೇ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯ ಮಾತುಗಳು ನಿಮ್ಮನ್ನೇ ಕೊರೆಯುತ್ತಿದ್ದರೆ ನಿಮಗೋಸ್ಕರವೂ ಅದೇ ನಂಬರಿಗೆ ಮಾಡಿ.